ಕೊನೆಯ ಪುಟದಲ್ಲಿ ಉಳಿದುಹೋಗುವ ಊರುಗಳು

ಆಳಂದದಿಂದ ಅಕ್ಕಲಕೋಟೆಯ ದಾರಿ ಹಿಡಿದರೆ ಕರ್ನಾಟಕದ ಗಡಿಯಲ್ಲಿ ಸಿಗುವ ಊರು ಹಿರೋಳ್ಳಿ. ಅಲ್ಲಿಂದ ಮುಂದೆ ಮಹಾರಾಷ್ಟ್ರದ ವಾಗ್ದರಿ. ಈ ಸೀಮೆಯ ಮುಖ್ಯ ಬೆಳೆ ತೊಗರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಬೇಳೆಗೆ ಕಾಳು ಹೋಗುವುದು ಇಂಥ ಹೊಲಗಳಿಂದಲೇ. ರಾಶಿ ಮುಗಿದು ಚೀಲ ತುಂಬಿದ ಮೇಲೆ ಗಡಿಯ ರೈತನಿಗೆ ಉಳಿದವರಿಗಿಲ್ಲದ ಒಂದು ಆಯ್ಕೆ ಇರುತ್ತದೆ. ಆಳಂದಕ್ಕೋ ಕಲಬುರಗಿಗೋ ಒಯ್ಯಬಹುದು, ಗಡಿ ದಾಟಿ ದುಧನಿಗೋ ಸೊಲ್ಲಾಪುರಕ್ಕೋ ಒಯ್ಯಬಹುದು. ಕ್ವಿಂಟಲಿಗೆ ನೂರಿನ್ನೂರು ರೂಪಾಯಿ ಹೆಚ್ಚುಕಡಿಮೆ ಇದ್ದರೂ ಟ್ರ್ಯಾಕ್ಟರ್ ಯಾವ ಕಡೆ ತಿರುಗಬೇಕು ಎಂಬುದು ಬದಲಾಗುತ್ತದೆ. ಹಾಗಾಗಿ ಇಲ್ಲಿನವರು ಬೆಳಿಗ್ಗೆ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ, “ಇವತ್ತ ತೊಗರಿ ರೇಟ್ ಎಲ್ಲಿ ಎಷ್ಟದ್ರಿ?”

ಈ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿದೆ. ದೇಶದ ಎಪಿಎಂಸಿ ಮಾರುಕಟ್ಟೆಗಳ ಧಾರಣೆಯನ್ನು ಒಂದೆಡೆ ಸೇರಿಸುವ ಅಗ್‌ಮಾರ್ಕ್‌ನೆಟ್ ಶುರುವಾದದ್ದು 2000ದಲ್ಲಿ. ಸರ್ಕಾರದ ದತ್ತಾಂಶವನ್ನು ಯಾರು ಬೇಕಾದರೂ ಬಳಸಲು ಅನುವಾಗುವ data.gov.in ಬಂದದ್ದು 2012ರಲ್ಲಿ. ಆ ದಿನದ ಮಾರುಕಟ್ಟೆ ಧಾರಣೆಯೂ ಅಲ್ಲಿ ಎಪಿಐ ರೂಪದಲ್ಲಿ ಸಿಗುತ್ತದೆ. ಎಪಿಐ ಅಂದರೆ ಮನುಷ್ಯರು ಓದುವ ಜಾಲತಾಣವಲ್ಲ, ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಂನಿಂದ ಮಾಹಿತಿ ಕೇಳಿ ಪಡೆಯುವ ಬಾಗಿಲು. ಒಂದೊಂದು ದಾಖಲೆಯಲ್ಲೂ ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದರ್ಜೆ, ಆವಕದ ದಿನ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಹೆಚ್ಚು ವ್ಯಾಪಾರ ನಡೆದ ಬೆಲೆ ಇರುತ್ತವೆ. ತೊಗರಿ ಅಲ್ಲಿ `Arhar (Tur/Red Gram)(Whole)` ಎಂಬ ಹೆಸರಿನಲ್ಲಿದೆ. ಪ್ರೋಗ್ರಾಮಿಂಗ್ ಬಲ್ಲ ಯಾರಾದರೂ ಇದನ್ನಿಟ್ಟುಕೊಂಡು ಗಡಿಯ ಎರಡೂ ಬದಿಯ ಧಾರಣೆಯನ್ನು ಒಂದೇ ಪರದೆಯಲ್ಲಿ ತೋರಿಸುವ ಪುಟ್ಟ ಆ್ಯಪ್ ಮಾಡಬಹುದು.

ಆದರೆ ಇಂಥ ಆ್ಯಪ್‌ಗಳಲ್ಲಿ ಒಂದು ದೋಷ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಕೆಲವು ಮಾರುಕಟ್ಟೆಗಳು ಎಂದೂ ಕಾಣಿಸುವುದಿಲ್ಲ, ಅಥವಾ ಕೆಲವು ಮಾರುಕಟ್ಟೆಗಳು ಎರಡೆರಡು ಸಲ ಎಣಿಕೆಯಾಗುತ್ತವೆ. ಆ್ಯಪ್ ನಿಲ್ಲುವುದಿಲ್ಲ, ತಪ್ಪಿನ ಸಂದೇಶ ಬರುವುದಿಲ್ಲ, ಪರದೆಯ ಮೇಲೆ ಬೆಲೆಗಳು ಚೆನ್ನಾಗಿಯೇ ಕಾಣುತ್ತವೆ. ಬಿಟ್ಟುಹೋದ ಮಾರುಕಟ್ಟೆಯ ಜಾಗದಲ್ಲಿ ಖಾಲಿ ಸಾಲು ಕೂಡ ಇರುವುದಿಲ್ಲ. ನೋಡಿದವರು ಅಲ್ಲಿ ಇವತ್ತು ಆವಕವೇ ಇಲ್ಲವೇನೋ ಎಂದುಕೊಳ್ಳುತ್ತಾರೆ. ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕಿಂತ ಜಟಿಲವಾದ ದೋಷಗಳು ಎಷ್ಟೋ ಇವೆ. ಆದರೆ ಇಷ್ಟು ಚಿಕ್ಕ ತಪ್ಪು ಇಷ್ಟು ದಿನ ಅಡಗಿ ಕೂರುವುದು ಅಪರೂಪ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ದೋಷದ ಮೂಲ ಪುಟಗಳಲ್ಲಿದೆ. ಸಾವಿರಾರು ದಾಖಲೆಗಳಿದ್ದರೆ ಎಪಿಐ ಎಲ್ಲವನ್ನೂ ಒಂದೇ ಸಲ ಕೊಡುವುದಿಲ್ಲ. ಇಷ್ಟಿಷ್ಟೆಂದು ಪುಟ ಮಾಡಿ ಕೊಡುತ್ತದೆ. ಒಂದು ಪುಟಕ್ಕೆ ಎಷ್ಟು ದಾಖಲೆ ಬೇಕೆಂದು `limit`ನಲ್ಲಿ ಹೇಳಬೇಕು, ಮೊದಲಿನಿಂದ ಎಷ್ಟನ್ನು ದಾಟಿ ಕೊಡಬೇಕೆಂದು `offset`ನಲ್ಲಿ ಹೇಳಬೇಕು. ಉತ್ತರದಲ್ಲಿ ದಾಖಲೆಗಳ ಜೊತೆಗೆ ಒಟ್ಟು ಎಷ್ಟಿವೆ ಎಂಬ `total` ಕೂಡ ಬರುತ್ತದೆ. ಕೇಳುವ ಪ್ರೋಗ್ರಾಂ ಒಂದು ಲೂಪ್ ಹಾಕಿಕೊಂಡು ಮೊದಲ ಪುಟ, ಎರಡನೆಯ ಪುಟ ಎಂದು ತರಿಸಿಕೊಳ್ಳುತ್ತ ಹೋಗಬೇಕು. ಅಡತಿ ಅಂಗಡಿಯ ಖಾತೆ ಪುಸ್ತಕದಲ್ಲಿ ಕೊನೆಯ ಹಾಳೆ ಅರ್ಧ ಮಾತ್ರ ತುಂಬಿರುವಂತೆ ಇಲ್ಲಿಯೂ ಕೊನೆಯ ಪುಟ ಸಾಮಾನ್ಯವಾಗಿ ಪೂರ್ತಿ ತುಂಬಿರುವುದಿಲ್ಲ. ಲೂಪ್ ಎಡವುವುದು ಆ ಅರೆತುಂಬಿದ ಪುಟದ ಬಳಿ.

ದೊಡ್ಡ ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಚಿಕ್ಕ ಪಟ್ಟಿಯನ್ನು ತೆಗೆದುಕೊಳ್ಳೋಣ. ಕಲಬುರಗಿ ಜಿಲ್ಲೆಯಲ್ಲಿ 11 ತಾಲ್ಲೂಕುಗಳಿವೆ. ಅವನ್ನು ಕನ್ನಡದ ಅಕ್ಷರಕ್ರಮದಲ್ಲಿ ಜೋಡಿಸಿ, ಪುಟಕ್ಕೆ ನಾಲ್ಕರಂತೆ ಕೊಡುವ ಎಪಿಐ ಒಂದಿದೆ ಎಂದಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಅಫಜಲಪುರ, ಆಳಂದ, ಕಮಲಾಪುರ, ಕಲಬುರಗಿ. ಎರಡನೆಯದರಲ್ಲಿ ಕಾಳಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ. ಮೂರನೆಯದರಲ್ಲಿ ಯಡ್ರಾಮಿ, ಶಹಾಬಾದ್, ಸೇಡಂ. ಕೊನೆಯ ಪುಟದಲ್ಲಿ ಮೂರೇ ಹೆಸರು.

ಈಗ ಹೊಸಬರು ಬರೆಯುವ ಲೂಪ್ ನೋಡಿ:

```python
pages = total // limit
for p in range(pages):
    rows += fetch(offset=p * limit, limit=limit)
```

ಒಟ್ಟನ್ನು ಪುಟದ ಅಳತೆಯಿಂದ ಭಾಗಿಸಿದರೆ ಪುಟಗಳ ಸಂಖ್ಯೆ ಬರುತ್ತದೆ ಎಂಬುದು ಇಲ್ಲಿನ ಲೆಕ್ಕ. ಆದರೆ ಪೈಥಾನ್‌ನಲ್ಲಿ `//` ಶೇಷವನ್ನು ಬಿಟ್ಟುಬಿಡುತ್ತದೆ. 11ನ್ನು 4ರಿಂದ ಭಾಗಿಸಿದರೆ 2, ಉಳಿದ 3 ಹೋಯಿತು. ಲೂಪ್ ಎರಡು ಪುಟ ತಂದು ನಿಲ್ಲುತ್ತದೆ. ಯಡ್ರಾಮಿ, ಶಹಾಬಾದ್, ಸೇಡಂ ಜಿಲ್ಲೆಯಲ್ಲೇ ಇಲ್ಲದಂತಾಗುತ್ತವೆ. ಶೇಷ ಉಳಿದರೆ ಇನ್ನೊಂದು ಪುಟ ಎಂದು ಮೇಲಕ್ಕೆ ಪೂರ್ಣಗೊಳಿಸಿದ್ದರೆ 3 ಬರುತ್ತಿತ್ತು. ಇದು ಪರೀಕ್ಷೆಯಲ್ಲಿ ಸಿಕ್ಕಿಬೀಳದಿರುವುದಕ್ಕೂ ಕಾರಣವಿದೆ. ಬರೆದವರು 8 ಅಥವಾ 12 ಹೆಸರಿನ ಮಾದರಿ ಪಟ್ಟಿ ಇಟ್ಟುಕೊಂಡು ನೋಡಿದರೆ ಶೇಷವೇ ಇರುವುದಿಲ್ಲ, ಎಲ್ಲವೂ ಸರಿಯಾಗಿ ಬರುತ್ತದೆ. ನೂರು, ಸಾವಿರದಂಥ ದುಂಡು ಸಂಖ್ಯೆಗಳಲ್ಲಿ ಪರೀಕ್ಷೆ ಮಾಡುವ ಅಭ್ಯಾಸ ಈ ದೋಷಕ್ಕೆ ಒಳ್ಳೆಯ ಆಸರೆ.

ಇದೇ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿದರೂ ಕೊನೆಯ ಪುಟದಲ್ಲಿ ಉಳಿಯುವುದು ಇದೇ ಮೂರು ತಾಲ್ಲೂಕುಗಳು, ಕ್ರಮ ಮಾತ್ರ ಬೇರೆ: ಸೇಡಂ, ಶಹಾಬಾದ್, ಯಡ್ರಾಮಿ. ಇದು ಈ ದೋಷದ ದೊಡ್ಡ ಅನ್ಯಾಯ. ಅದು ಯಾರನ್ನೋ ಒಬ್ಬರನ್ನು ಒಮ್ಮೆ ಬಿಟ್ಟು ಮತ್ತೊಮ್ಮೆ ಹಿಡಿಯುವಂಥದ್ದಲ್ಲ. ಪಟ್ಟಿ ಬದಲಾಗದಿದ್ದರೆ ಪ್ರತಿದಿನ, ಪ್ರತಿಸಲ, ಅದೇ ಹೆಸರುಗಳನ್ನೇ ಬಿಡುತ್ತದೆ. ಹಳ್ಳಿಗಳ ಪಟ್ಟಿಗೆ ಬಂದರೆ ಕನ್ನಡದ ಯುನಿಕೋಡ್ ಕ್ರಮದಲ್ಲಿ ‘ಹ’ ಕೊನೆಯ ವ್ಯಂಜನ, ‘ಳ’ ಅದಕ್ಕಿಂತ ಮುಂಚೆಯೇ ಬರುತ್ತದೆ. ಆಳಂದ ತಾಲ್ಲೂಕಿನ ಊರುಗಳನ್ನು ಕಂಪ್ಯೂಟರ್ ಜೋಡಿಸಿದರೆ ಹಿರೋಳ್ಳಿ, ಹಿತ್ತಲಶಿರೂರ, ಹೋದಲೂರ ಎಲ್ಲ ಪಟ್ಟಿಯ ತುದಿಗೆ ಸೇರುತ್ತವೆ. ಕೊನೆಯ ಪುಟ ತಪ್ಪಿದರೆ ತಪ್ಪುವುದು ಇವೇ.

ಎರಡನೆಯ ಬಗೆಯ ಲೂಪ್ ಪುಟಗಳನ್ನು ಮೊದಲೇ ಎಣಿಸುವುದಿಲ್ಲ. ಬಂದ ಪುಟ ಚಿಕ್ಕದಾಗಿದ್ದರೆ ಅದೇ ಕೊನೆಯದು ಎಂದು ತಿಳಿಯುತ್ತದೆ:

```python
while True:
    batch = fetch(offset=offset, limit=100)
    if len(batch) < 100:
        break
    rows += batch
    offset += 100
```

ತರ್ಕ ಸರಿಯಾಗಿದೆ, ಸಾಲುಗಳ ಕ್ರಮ ತಪ್ಪಿದೆ. ಚಿಕ್ಕ ಪುಟ ಬಂದ ತಕ್ಷಣ, ಅದನ್ನು ಸಂಗ್ರಹಕ್ಕೆ ಸೇರಿಸುವ ಮೊದಲೇ, ಲೂಪ್ ಮುರಿದು ಹೊರಬರುತ್ತದೆ. ಸರ್ವರ್ ಕೊನೆಯ ಪುಟವನ್ನು ಕೊಟ್ಟಿದೆ, ಅದು ಕೈಗೂ ಬಂದಿದೆ, ಆದರೂ ಕೆಳಗೆ ಬಿತ್ತು. ಪರಿಹಾರ ಸುಲಭ ಎನಿಸಬಹುದು: ಸೇರಿಸುವ ಸಾಲನ್ನು ಮೇಲಕ್ಕೆ ತಂದರಾಯಿತು. ಆದರೆ ಅಷ್ಟಕ್ಕೆ ನಿಂತರೆ data.gov.inನಲ್ಲಿ ಇನ್ನೂ ದೊಡ್ಡ ಪೆಟ್ಟು ಬೀಳುತ್ತದೆ.

ಕಾರಣ ಇದು. ಆ ಜಾಲತಾಣದಲ್ಲಿ ಪ್ರಯತ್ನಿಸಿ ನೋಡಲೆಂದು ಎಲ್ಲರಿಗೂ ಕಾಣುವಂತೆ ಒಂದು ಮಾದರಿ ಕೀಲಿ ಇಟ್ಟಿದ್ದಾರೆ. ಅದನ್ನು ಬಳಸಿದರೆ ಒಂದು ಸಲಕ್ಕೆ ಹೆಚ್ಚೆಂದರೆ 10 ದಾಖಲೆ ಸಿಗುತ್ತವೆ. ನೀವು `limit=100` ಎಂದು ಕೇಳಿದರೂ ಬರುವುದು 10. 10 ಎಂಬುದು 100ಕ್ಕಿಂತ ಕಡಿಮೆ, ಹಾಗಾಗಿ ಇದೇ ಕೊನೆಯ ಪುಟ ಎಂದು ಲೂಪ್ ತೀರ್ಮಾನಿಸುತ್ತದೆ. ದೇಶದ ಧಾರಣೆ ಎಂದು ಹತ್ತೇ ಸಾಲು ಹಿಡಿದುಕೊಂಡು ಬಂದು ನಿಲ್ಲುತ್ತದೆ. ಇನ್ನೊಬ್ಬರು ನಿಲ್ಲಿಸುವ ಶರತ್ತನ್ನು ಬೇರೆ ರೀತಿ ಬರೆದು, `offset` ಅನ್ನು ಮಾತ್ರ ನೂರರಂತೆ ಏರಿಸಿದರೆ ಫಲ ಬೇರೆ. 1ರಿಂದ 10, ಆಮೇಲೆ 101ರಿಂದ 110, ಆಮೇಲೆ 201ರಿಂದ 210. ನಡುವಿನ ತೊಂಬತ್ತು ತೊಂಬತ್ತು ದಾಖಲೆಗಳ ಗುಂಪು ಪ್ರತಿಸಲವೂ ಮಾಯ. ಗರಿಷ್ಠ ಮಿತಿಯನ್ನು ಹೀಗೆ ಮೌನವಾಗಿ ಹೇರುವುದು ಈ ಒಂದು ತಾಣದ ವಿಶೇಷವೇನಲ್ಲ. ಗಿಟ್‌ಹಬ್‌ನ ಎಪಿಐ ಕೂಡ ಅದರ ಬಹುಪಾಲು ಪಟ್ಟಿಗಳಲ್ಲಿ ಪುಟಕ್ಕೆ 100ಕ್ಕಿಂತ ಹೆಚ್ಚು ಕೊಡುವುದಿಲ್ಲ. ಆದ್ದರಿಂದ ಮುಂದಿನ ಹೆಜ್ಜೆಯನ್ನು ನಾವು ಕೇಳಿದ್ದರಿಂದ ಅಳೆಯಬಾರದು, ನಮಗೆ ನಿಜವಾಗಿ ಬಂದದ್ದರಿಂದ ಅಳೆಯಬೇಕು. ಹತ್ತು ಬಂದರೆ ಹತ್ತು ಮುಂದೆ, ಮೂವತ್ತೇಳು ಬಂದರೆ ಮೂವತ್ತೇಳು ಮುಂದೆ. ಇಷ್ಟನ್ನು ಪಾಲಿಸಿದರೆ ಸರ್ವರ್ ಯಾವ ಮಿತಿ ಹೇರಿದರೂ ಹೆಜ್ಜೆ ತಪ್ಪುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವವರಿಗೆ ಇನ್ನೊಂದು ಬಲೆ ಇದೆ. ಎಪಿಐಗಳ ಉತ್ತರದಲ್ಲಿ `offset`, `limit` ಕೆಲವೊಮ್ಮೆ ಸಂಖ್ಯೆಯಾಗಿ ಬರದೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿ ಬರುತ್ತವೆ. `"0"` ಎಂಬ ಪಠ್ಯಕ್ಕೆ 10 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಕೂಡುವುದಿಲ್ಲ, ಪಕ್ಕಕ್ಕೆ ಅಂಟಿಸುತ್ತದೆ. ಸಿಗುವುದು `"010"`. ಸರ್ವರ್ ಅದನ್ನು ಹತ್ತು ಎಂದು ಓದಿದರೆ ಎರಡನೆಯ ಪುಟ ಸರಿಯಾಗಿ ಬರುತ್ತದೆ. ಬರೆದವರು ಎರಡು ಪುಟ ನೋಡಿ ಸಮಾಧಾನಪಡುತ್ತಾರೆ. ಮೂರನೆಯ ಸಲ ಅದು `"01010"`, ಅಂದರೆ ಸಾವಿರದ ಹತ್ತು. 23 ದಾಖಲೆಯ ಪಟ್ಟಿಯಲ್ಲಿ ಸಾವಿರದ ಹತ್ತನ್ನು ದಾಟಿದರೆ ಏನೂ ಇರುವುದಿಲ್ಲ. ಖಾಲಿ ಪುಟ ಬಂದಿತು, ಲೂಪ್ ನಿಂತಿತು, ಕೊನೆಯ ಮೂರು ದಾಖಲೆ ಉಳಿದವು. ಸಂಖ್ಯೆ ಎಂದು ನಂಬಿದ್ದನ್ನು ಮೊದಲು `Number()` ಮೂಲಕ ಸಂಖ್ಯೆಯಾಗಿಸಿಕೊಂಡಿದ್ದರೆ ಈ ತೊಂದರೆಯೇ ಇರಲಿಲ್ಲ.

ಮೊದಲ ಪುಟ ಮತ್ತೆ ಮತ್ತೆ ಬರುವುದು ಇದರ ಜೋಡಿ ದೋಷ. ಅದರ ಸರಳ ರೂಪ ಬೇಗ ಗೊತ್ತಾಗುತ್ತದೆ. ಲೂಪಿನೊಳಗೆ `offset` ಏರಿಸುವುದನ್ನೇ ಮರೆತರೆ, ಅಥವಾ ಆ ಎಪಿಐ `offset` ಕೇಳುವಾಗ ನಾವು `page` ಎಂದು ಕಳಿಸಿದರೆ, ಸರ್ವರ್ ಪ್ರತಿಸಲವೂ ಮೊದಲ ಪುಟವನ್ನೇ ಕೊಡುತ್ತದೆ. ತನಗೆ ಗೊತ್ತಿಲ್ಲದ ಹೆಸರನ್ನು ಬಹಳಷ್ಟು ಸರ್ವರ್‌ಗಳು ತಪ್ಪೆಂದು ಹೇಳುವುದಿಲ್ಲ, ಸುಮ್ಮನೆ ಬದಿಗಿಡುತ್ತವೆ. ಪುಟ ಎಂದೂ ಖಾಲಿಯಾಗದ ಕಾರಣ ಲೂಪ್ ನಿಲ್ಲುವುದೇ ಇಲ್ಲ. ಗಣಕ ಬಿಸಿಯಾಗುತ್ತದೆ, ಸರ್ವರ್ ಕೊನೆಗೆ ನಿಮ್ಮ ಕೀಲಿಯನ್ನು ತಡೆಯುತ್ತದೆ, ಬರೆದವರಿಗೆ ವಿಷಯ ತಿಳಿಯುತ್ತದೆ.

ಅಪಾಯಕಾರಿಯಾದದ್ದು ನಿಲ್ಲುವ ಲೂಪ್. ಕೆಲವು ಎಪಿಐಗಳು `offset` ಬದಲು ಪುಟದ ಸಂಖ್ಯೆ ಕೇಳುತ್ತವೆ. ಸಾಮಾನ್ಯವಾಗಿ ಆ ಸಂಖ್ಯೆ 1ರಿಂದ ಶುರು. ಪ್ರೋಗ್ರಾಮರ್ ಕೈಗೆ ಎಣಿಕೆ 0ಯಿಂದ ಶುರುವಾಗುವುದು ರೂಢಿ. 0ನೆಯ ಪುಟ ಕೇಳಿದರೆ ತಪ್ಪು ಎನ್ನುವ ಸರ್ವರ್ ಒಳ್ಳೆಯದು. ಆದರೆ ಉದಾರವಾಗಿ ಮೊದಲ ಪುಟವನ್ನೇ ಕೊಟ್ಟು ಕಳಿಸುವ ಸರ್ವರ್‌ಗಳೂ ಇವೆ. ಈಗ ನಮ್ಮ 11 ತಾಲ್ಲೂಕಿನ ಪಟ್ಟಿಯನ್ನು ಅಂಥ ಸರ್ವರ್‌ನಿಂದ ತರೋಣ. ಪುಟ ಮೂರು ಎಂದು ಸರಿಯಾಗಿಯೇ ಲೆಕ್ಕ ಹಾಕಿ 0, 1, 2 ಎಂದು ಕೇಳುತ್ತೇವೆ. 0ಕ್ಕೆ ಅಫಜಲಪುರದಿಂದ ಕಲಬುರಗಿಯವರೆಗೆ. 1ಕ್ಕೆ ಮತ್ತೆ ಅಫಜಲಪುರದಿಂದ ಕಲಬುರಗಿಯವರೆಗೆ. 2ಕ್ಕೆ ಕಾಳಗಿಯಿಂದ ಜೇವರ್ಗಿಯವರೆಗೆ. ಲೂಪ್ ಮುಗಿಯಿತು. ಆಳಂದ ಎರಡು ಸಲ ಬಂದಿದೆ, ಸೇಡಂ ಒಂದು ಸಲವೂ ಬಂದಿಲ್ಲ. ಮೊದಲ ಪುಟ ಮರುಕಳಿಸುವುದು, ಕೊನೆಯ ಪುಟ ತಪ್ಪುವುದು ಎಂಬ ಎರಡು ದೋಷಗಳೂ ಒಂದೇ ತಪ್ಪಿನಿಂದ ಒಟ್ಟಿಗೆ ಹುಟ್ಟಿವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಂದ ಸಾಲುಗಳನ್ನು ಎಣಿಸಿ ನೋಡಿದರೆ 12. ಇರಬೇಕಾದದ್ದು 11. ಒಂದು ಹೆಚ್ಚಿದೆ, ಅದರಿಂದ ಅನುಮಾನ ಬರಬಹುದು. ಆದರೆ ಜಿಲ್ಲೆಯಲ್ಲಿ 12 ತಾಲ್ಲೂಕುಗಳಿದ್ದಿದ್ದರೆ? ಬರಬೇಕಾದದ್ದು 12, ಬಂದದ್ದೂ 12. ಲೆಕ್ಕ ಕೂಡಿತು. ಅದರೊಳಗೆ ನಾಲ್ಕು ತಾಲ್ಲೂಕು ಎರಡೆರಡು ಸಲ ಇವೆ, ನಾಲ್ಕು ಇಲ್ಲವೇ ಇಲ್ಲ. ಎಣಿಕೆ ಸರಿಯಾದ ಮಾತ್ರಕ್ಕೆ ಪಟ್ಟಿ ಸರಿಯಾಗಿದೆ ಎನ್ನಲಾಗದು. `total` ಜೊತೆ ಸಾಲುಗಳ ಸಂಖ್ಯೆಯನ್ನು ಹೋಲಿಸಿ ನಿಶ್ಚಿಂತರಾಗುವ ಪ್ರೋಗ್ರಾಮರ್‌ಗಳು ಮೋಸಹೋಗುವುದು ಇಲ್ಲಿಯೇ. ಎಣಿಸಬೇಕಾದದ್ದು ಸಾಲುಗಳನ್ನಲ್ಲ, ಬೇರೆ ಬೇರೆ ಹೆಸರುಗಳನ್ನು.

ಧಾರಣೆಯ ವಿಷಯದಲ್ಲಿ ಇದು ನೇರವಾಗಿ ಹಣಕ್ಕೆ ತಟ್ಟುತ್ತದೆ. ಆ್ಯಪ್ ಸುತ್ತಲಿನ ಮಾರುಕಟ್ಟೆಗಳ ಸರಾಸರಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲೆಂದು ಮೂರು ಪುಟ, ಪುಟಕ್ಕೆ ಎರಡು ಮಾರುಕಟ್ಟೆ. ಮೊದಲ ಪುಟದ ಎರಡರಲ್ಲೂ ಕ್ವಿಂಟಲಿಗೆ 7,000, ಎರಡನೆಯದರಲ್ಲಿ 7,200, ಮೂರನೆಯದರಲ್ಲಿ 7,700. ನಿಜವಾದ ಸರಾಸರಿ 7,300. ಮೊದಲ ಪುಟ ಎರಡು ಸಲ ಬಂದು ಕೊನೆಯದು ತಪ್ಪಿದರೆ ಸರಾಸರಿ 7,066ರ ಆಸುಪಾಸಿಗೆ ಇಳಿಯುತ್ತದೆ. ಸಾಲುಗಳು ಆರೇ, ಎಣಿಕೆ ತಪ್ಪಿಲ್ಲ. ಸರಾಸರಿಯಲ್ಲಿ ಕಳೆದದ್ದು ಇನ್ನೂರಕ್ಕೂ ಹೆಚ್ಚು ರೂಪಾಯಿ. ಅದಕ್ಕಿಂತ ಕೆಟ್ಟದ್ದೆಂದರೆ 7,700 ಕೊಡುತ್ತಿದ್ದ ಮಾರುಕಟ್ಟೆಗಳ ಹೆಸರೇ ರೈತನ ಕಣ್ಣಿಗೆ ಬಿದ್ದಿಲ್ಲ. ಇವು ಉದಾಹರಣೆಯ ಅಂಕಿಗಳು, ಯಾವುದೇ ದಿನದ ಧಾರಣೆಯಲ್ಲ. ಆದರೆ 2025–26ಕ್ಕೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ ಎಂಬುದನ್ನು ನೆನೆದರೆ ಇನ್ನೂರು ಮುನ್ನೂರರ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಹಾಗಾದರೆ ಲೂಪ್ ಹೇಗಿರಬೇಕು? ಧಾರಣೆಯ ಎಪಿಐಗೆ ಹೊಂದುವಂತೆ ಬರೆದರೆ ಹೀಗೆ:

```python
seen, offset = {}, 0
while True:
    reply = fetch(offset=offset, limit=100)
    batch = reply["records"]
    if not batch:
        break
    before = len(seen)
    for r in batch:
        seen[make_key(r)] = r
    if len(seen) == before:
        raise RuntimeError("same page again")
    offset += len(batch)
```

ಇದರಲ್ಲಿ ಭಾಗಾಕಾರ ಇಲ್ಲ, ಪುಟದ ಸಂಖ್ಯೆ ಇಲ್ಲ. ಖಾಲಿ ಪುಟ ಬಂದಾಗ ಮಾತ್ರ ನಿಲ್ಲುತ್ತದೆ. ಅರೆತುಂಬಿದ ಪುಟ ಬಂದರೆ ಅದನ್ನು ಸೇರಿಸಿಕೊಂಡು ಇನ್ನೊಂದು ಸಲ ಕೇಳುತ್ತದೆ. ಇದಕ್ಕಾಗಿ ಒಂದು ಕೋರಿಕೆ ಹೆಚ್ಚು ಖರ್ಚಾಗುತ್ತದೆ, ಆ ಖರ್ಚನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಒಂದು ಪುಟ ಪೂರ್ತಿ ಬಂದರೂ ಅದರಲ್ಲಿ ಹೊಸ ದಾಖಲೆ ಒಂದೂ ಇಲ್ಲದಿದ್ದರೆ ಲೂಪ್ ಕೂಗಿ ಹೇಳಿ ನಿಲ್ಲುತ್ತದೆ. ಮೊದಲ ಪುಟದ ಸುತ್ತಾಟ ಅಲ್ಲಿಗೆ ಕೊನೆ.

`make_key` ಬರೆಯುವಾಗ ಎಚ್ಚರ ಬೇಕು. ಧಾರಣೆಯ ದಾಖಲೆಗಳಲ್ಲಿ ಆಧಾರ್ ಸಂಖ್ಯೆಯಂಥ ಒಂದು ಗುರುತು ಸಂಖ್ಯೆ ಇಲ್ಲ. ಮಾರುಕಟ್ಟೆಯ ಹೆಸರನ್ನೇ ಗುರುತಾಗಿ ಹಿಡಿದರೆ ಒಂದೇ ಮಾರುಕಟ್ಟೆಯ ಎರಡು ತಳಿ ಒಂದರ ಮೇಲೊಂದು ಕುಳಿತು ಒಂದು ಕಳೆದುಹೋಗುತ್ತದೆ. ಆಗ ಪುಟದ ದೋಷ ಸರಿಪಡಿಸಲು ಹೋಗಿ ಹೊಸ ದೋಷ ತಂದಂತಾಗುತ್ತದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದರ್ಜೆ, ಆವಕದ ದಿನ ಇಷ್ಟನ್ನೂ ಸೇರಿಸಿಯೇ ಗುರುತು ಮಾಡಬೇಕು. ಬೆಲೆಯನ್ನು ಸೇರಿಸಬಾರದು, ಏಕೆಂದರೆ ತಿದ್ದುಪಡಿಯಾದ ಬೆಲೆ ಬಂದಾಗ ಅದು ಬೇರೆ ದಾಖಲೆಯಂತೆ ಕಾಣುತ್ತದೆ.

ಲೂಪ್ ಎಷ್ಟು ಚೆನ್ನಾಗಿ ಬರೆದರೂ ತಪ್ಪಿಸಲಾಗದ ಒಂದು ಸಂದರ್ಭವಿದೆ. ನಾವು ಓದುತ್ತಿರುವಾಗಲೇ ಪಟ್ಟಿ ಬದಲಾಗುವುದು. ದಿನದ ಧಾರಣೆಯ ಪಟ್ಟಿ ಮಾರುಕಟ್ಟೆಗಳಿಂದ ವರದಿ ಬಂದಂತೆ ಬೆಳೆಯುತ್ತದೆ. ಹತ್ತು ದಾಖಲೆಯ ಮೊದಲ ಪುಟ ಓದಿ ಮುಗಿಸಿದ್ದೇವೆ. ಅಷ್ಟರಲ್ಲಿ ಪಟ್ಟಿಯ ಮೇಲ್ಭಾಗದಲ್ಲಿ ಹೊಸ ದಾಖಲೆಯೊಂದು ಸೇರಿತು. ಎಲ್ಲವೂ ಒಂದು ಸ್ಥಾನ ಕೆಳಗೆ ಜರುಗುತ್ತವೆ. ಹತ್ತನೆಯದಾಗಿದ್ದದ್ದು ಹನ್ನೊಂದನೆಯದಾಗುತ್ತದೆ. ಹತ್ತನ್ನು ದಾಟಿ ಕೊಡು ಎಂದು ನಾವು ಕೇಳಿದಾಗ ಅದು ಎರಡನೆಯ ಸಲ ಬರುತ್ತದೆ. ಬದಲಿಗೆ ಮೇಲಿನ ಒಂದು ದಾಖಲೆಯನ್ನು ತೆಗೆದರೆ ಎಲ್ಲವೂ ಮೇಲಕ್ಕೆ ಜರುಗಿ, ಹನ್ನೊಂದನೆಯದು ಹತ್ತರ ಜಾಗಕ್ಕೆ ಬಂದು ನಮ್ಮ ಕಣ್ಣು ತಪ್ಪಿಸುತ್ತದೆ. ಎರಡು ಸಲ ಬಂದದ್ದನ್ನು ಗುರುತು ನೋಡಿ ತೆಗೆಯಬಹುದು. ತಪ್ಪಿಸಿಕೊಂಡದ್ದನ್ನು ಯಾವ ಗುರುತೂ ಹಿಡಿಯಲಾರದು.

ವಿಕಿಪೀಡಿಯ ಈ ತೊಡಕನ್ನು ಬೇರೆ ದಾರಿಯಲ್ಲಿ ಬಿಡಿಸಿದೆ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ಒಂದು ವರ್ಗದ ಎಲ್ಲ ಲೇಖನಗಳ ಪಟ್ಟಿ ಬೇಕೆಂದರೆ ಸಾಮಾನ್ಯ ಬಳಕೆದಾರನಿಗೆ ಒಂದು ಸಲಕ್ಕೆ ಹೆಚ್ಚೆಂದರೆ 500 ಹೆಸರು ಸಿಗುತ್ತವೆ. ಇನ್ನೂ ಉಳಿದಿದ್ದರೆ ಉತ್ತರದಲ್ಲಿ `continue` ಎಂಬ ಭಾಗ ಬರುತ್ತದೆ. ಅದರೊಳಗೆ ಮುಂದಿನ ದಾಖಲೆ ಯಾವುದು ಎಂಬ ಗುರುತು ಇರುತ್ತದೆ. ಎಷ್ಟನೆಯದು ಎಂದಲ್ಲ, ಯಾವುದು ಎಂದು. ನಡುವೆ ಯಾರಾದರೂ ಹೊಸ ಲೇಖನ ಬರೆದರೂ ಆ ಗುರುತು ಜರುಗುವುದಿಲ್ಲ. ನಾವು ಮಾಡಬೇಕಾದದ್ದು ಅದನ್ನು ಬಿಚ್ಚಿ ನೋಡದೆ, ತಿದ್ದದೆ, ಹಾಗೆಯೇ ಮುಂದಿನ ಕೋರಿಕೆಯ ಜೊತೆ ವಾಪಸು ಕಳಿಸುವುದು:

```python
while True:
    reply = get(params)
    titles += reply["query"]["categorymembers"]
    if "continue" not in reply:
        break
    params.update(reply["continue"])
```

ಇಲ್ಲಿಯೂ ಅದೇ ಎರಡು ದೋಷ ಬೇರೆ ವೇಷದಲ್ಲಿ ಕಾದಿವೆ. ಕೊನೆಯ ಪುಟದಲ್ಲಿ `continue` ಇರುವುದಿಲ್ಲ, ಆದರೆ ಹೆಸರುಗಳಿರುತ್ತವೆ. `continue` ಇರುವವರೆಗೆ ಮಾತ್ರ ಸೇರಿಸು ಎಂದು ಬರೆದರೆ ಕೊನೆಯ ಪುಟ ಹೋಯಿತು, ಅದರ ಜೊತೆ ‘ಹ’ದ ಊರುಗಳೂ ಹೋದವು. ಗುರುತನ್ನು ವಾಪಸು ಕಳಿಸಲು ಮರೆತರೆ ಮೊದಲ 500 ಹೆಸರು ಮತ್ತೆ ಮತ್ತೆ ಬರುತ್ತವೆ. 2015ರಲ್ಲಿ ವಿಕಿಪೀಡಿಯದ ತಂತ್ರಾಂಶ ಮೀಡಿಯಾವಿಕಿ ಈ ಭಾಗದ ರೂಪವನ್ನೇ ಬದಲಿಸಿತು. ಅಲ್ಲಿಯವರೆಗೆ ತಾನಾಗಿ ಬರುತ್ತಿದ್ದದ್ದು `query-continue`. ಆಮೇಲೆ ತಾನಾಗಿ ಬರತೊಡಗಿದ್ದು `continue`. ಹಳೆಯ ಹೆಸರನ್ನೇ ಹುಡುಕುವ ಪ್ರೋಗ್ರಾಂಗೆ ಅದು ಸಿಗದೆ, ಇದೇ ಕೊನೆಯ ಪುಟ ಎಂದುಕೊಂಡು ಮೊದಲ ಕಂತಿಗೇ ಕೆಲಸ ಮುಗಿಸಿಬಿಡುವಂತಾಯಿತು. ಹಳೆಯ ರೂಪವೇ ಬೇಕಾದವರು `rawcontinue` ಎಂದು ಕೇಳಿ ಪಡೆಯಬೇಕಾಯಿತು. ಒಂದು ಸಾಲೂ ಬದಲಾಗದ ಪ್ರೋಗ್ರಾಂನಲ್ಲಿ ಹೊಸ ದೋಷ ಹುಟ್ಟುವುದು ಹೀಗೆ. ಒಮ್ಮೆ ಪರೀಕ್ಷಿಸಿ ಕೈತೊಳೆದುಕೊಳ್ಳಲಾಗದು, ಪ್ರತಿ ಓಟದಲ್ಲೂ ಪ್ರೋಗ್ರಾಂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು ಎನ್ನುವುದಕ್ಕೆ ಇದೇ ಕಾರಣ.

ಧಾರಣೆಯ ಎಪಿಐಯಲ್ಲಿ ನಾವು ನಡೆಯುವುದು `offset` ಹಿಡಿದೇ. ಹಾಗಾಗಿ ಇದ್ದುದರಲ್ಲಿಯೇ ಜಾಣತನ ಮಾಡಬೇಕು. ಮಾದರಿ ಕೀಲಿ ಬಿಟ್ಟು ನೋಂದಣಿ ಮಾಡಿಸಿ ಸ್ವಂತ ಕೀಲಿ ಪಡೆದರೆ ಪುಟಗಳನ್ನು ದೊಡ್ಡದಾಗಿ ಕೇಳಬಹುದು. ಪುಟ ದೊಡ್ಡದಾದಷ್ಟೂ ಪುಟಗಳ ನಡುವಿನ ಅಂಚುಗಳು ಕಡಿಮೆ, ದಾಖಲೆ ಜಾರುವ ಜಾಗಗಳೂ ಕಡಿಮೆ. ದೇಶದ ಎಲ್ಲ ಸರಕನ್ನೂ ತರಿಸಿ ಆಮೇಲೆ ತೊಗರಿಯನ್ನು ಹುಡುಕುವ ಬದಲು, ಸರಕಿನ ಸೋಸುವಿಕೆಯನ್ನು ಕೋರಿಕೆಯಲ್ಲೇ ಹಾಕಿದರೆ ಎಷ್ಟೋ ಸಲ ಒಂದೆರಡು ಪುಟಕ್ಕೇ ಕೆಲಸ ಮುಗಿಯುತ್ತದೆ. ಮೊದಲ ಪುಟದಲ್ಲಿ ಬಂದ `total` ಮತ್ತು ಕೊನೆಯ ಪುಟದಲ್ಲಿ ಬಂದ `total` ಎರಡನ್ನೂ ಇಟ್ಟುಕೊಂಡು ಹೋಲಿಸಬೇಕು. ಅವು ಬೇರೆಯಾಗಿದ್ದರೆ ನಡುವೆ ಪಟ್ಟಿ ಅಲುಗಾಡಿದೆ ಎಂದರ್ಥ, ಮೊದಲಿನಿಂದ ಮತ್ತೆ ಓದಬೇಕು. ಒಂದು ಸೇರಿ ಇನ್ನೊಂದು ಹೋಗಿದ್ದರೆ `total` ಬದಲಾಗುವುದಿಲ್ಲ, ಅದು ಈ ಉಪಾಯದ ಮಿತಿ. ಅದಕ್ಕೆ ಬೇರೆ ಬೇರೆ ಗುರುತುಗಳ ಎಣಿಕೆಯೂ `total`ಗೆ ಸಮನಾಗಿದೆಯೇ ಎಂದು ನೋಡಲೇಬೇಕು. ಸಮನಾಗದಿದ್ದರೆ ಆ್ಯಪ್ ಹಳೆಯ ಪಟ್ಟಿಯನ್ನೇ ಅದರ ದಿನಾಂಕದ ಸಮೇತ ತೋರಿಸಲಿ. ಅರ್ಧ ಪಟ್ಟಿಯನ್ನು ಇಂದಿನದೆಂದು ತೋರಿಸುವುದಕ್ಕಿಂತ ನಿನ್ನೆಯದನ್ನು ನಿನ್ನೆಯದೆಂದು ತೋರಿಸುವುದು ಮೇಲು.

ಈಗಾಗಲೇ ಓಡುತ್ತಿರುವ ಪ್ರೋಗ್ರಾಂನಲ್ಲಿ ಈ ದೋಷ ಇದೆಯೇ ಎಂದು ಪತ್ತೆಮಾಡಲು ಪ್ರತಿ ಪುಟದ ಮೊದಲ ಮತ್ತು ಕೊನೆಯ ದಾಖಲೆಯ ಹೆಸರನ್ನು, ಬಂದ ಸಾಲುಗಳ ಸಂಖ್ಯೆಯನ್ನು ಒಂದು ಕಡತಕ್ಕೆ ಬರೆಯಿಸಿದರೆ ಸಾಕು. ಹತ್ತು ಸಾಲಿನ ಆ ಕಡತವನ್ನು ಕಣ್ಣಾಡಿಸಿದರೆ ಮೊದಲ ಎರಡು ಸಾಲು ಒಂದೇ ಆಗಿರುವುದು, ಅಥವಾ ಕೊನೆಯ ಪುಟವೂ ಪೂರ್ತಿ ತುಂಬಿರುವುದು ಎದ್ದು ಕಾಣುತ್ತದೆ. ದಿನಾ ಕೊನೆಯ ಪುಟ ಪೂರ್ತಿ ತುಂಬಿ ಬರುತ್ತಿದ್ದರೆ ಅದು ಕೊನೆಯ ಪುಟವೇ ಅಲ್ಲ.

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ರೈತರ ಆ್ಯಪ್ ಮಾಡುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಲೂಪನ್ನು ನಿಜವಾದ ಸರ್ವರ್‌ಗೆ ಜೋಡಿಸುವ ಮೊದಲು ಮೇಲಿನ 11 ತಾಲ್ಲೂಕಿನ ಪಟ್ಟಿಯ ಮೇಲೆ ಓಡಿಸಿ. ಪುಟಕ್ಕೆ 4ರಂತೆ ಒಮ್ಮೆ, 10ರಂತೆ ಒಮ್ಮೆ, 11ರಂತೆ ಒಮ್ಮೆ, 12ರಂತೆ ಒಮ್ಮೆ, ಕೊನೆಗೆ ಪಟ್ಟಿಯನ್ನು ಖಾಲಿ ಮಾಡಿ ಒಮ್ಮೆ. ಖಾಲಿ ಪಟ್ಟಿಯಲ್ಲಿ ಏನೂ ಬರಬಾರದು. ಉಳಿದ ಎಲ್ಲ ಸಲವೂ ಆಳಂದ ಒಂದೇ ಸಲ ಬರಬೇಕು, ಸೇಡಂ ಬಂದೇ ಬರಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಆ್ಯಪನ್ನು ರೈತರ ಕೈಗೆ ಕೊಡಬೇಡಿ.